ರಾತ್ರಿ ಕರೆಂಟ್ ಹೋಗಿ ಬಂದರೆ ಶಟರ್ ಸೆನ್ಸರ್ ಸತ್ತಂತೆ ಕೂರುತ್ತದೆ, ಹಗಲಲ್ಲಿ ಸರಿ ಇರುತ್ತದೆ. ಯಾಕೆ?

ಪೂಜಾರಿ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಈಸ್ಟ್‌ನಲ್ಲಿ ನಮ್ಮದೊಂದು ಕೇಟರಿಂಗ್ ಗೋಡೌನ್ ಇದೆ. ನಾನಿರುವುದು ಮುಲುಂಡ್‌ನಲ್ಲಿ. ರಾತ್ರಿ ಶಟರ್ ಎಳೆಯುವುದು ಹುಡುಗರು. ಶಟರ್ ಕೆಳಗೆ ಬಂದಿದೆಯಾ ಇಲ್ಲವಾ ಎಂದು ಮನೆಯಲ್ಲೇ ಫೋನಿನಲ್ಲಿ ನೋಡಬೇಕು, ಅಷ್ಟೇ ನನ್ನ ಆಸೆ.

ಶಟರಿನ ಕೆಳಪಟ್ಟಿಗೆ ಮ್ಯಾಗ್ನೆಟ್ ಹಾಕಿದ್ದೇನೆ. ಪಕ್ಕದ ಗೈಡ್ ಚಾನೆಲ್ ಹತ್ತಿರ ರೀಡ್ ಸ್ವಿಚ್ ಇದೆ. ಅಲ್ಲಿಂದ ಏಳು ಮೀಟರ್ ವೈರ್ ಒಳಗೆ ಬಂದು ನೋಡ್‌ಎಂಸಿಯು ಬೋರ್ಡಿಗೆ ಸೇರುತ್ತದೆ. ಒಂದು ತುದಿ `D3`ಗೆ, ಇನ್ನೊಂದು `G`ಗೆ. ಬೋರ್ಡಿಗೆ ಕರೆಂಟ್ ಹಳೆಯ ಫೋನ್ ಚಾರ್ಜರಿನಿಂದ. ಶಟರ್ ಇಳಿದರೆ ಮ್ಯಾಗ್ನೆಟ್ ಹತ್ತಿರ ಬಂದು ಸ್ವಿಚ್ ಕೂಡುತ್ತದೆ, ಬೋರ್ಡು ಎಂಕ್ಯೂಟಿಟಿಯಲ್ಲಿ ಸುದ್ದಿ ಕಳಿಸುತ್ತದೆ. ಹಗಲೆಲ್ಲ ಒಂದು ಸಲವೂ ತಪ್ಪುವುದಿಲ್ಲ.

ತೊಂದರೆ ರಾತ್ರಿಯದು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ರಾತ್ರಿ ಹಾಗೆ ಒಂದು ಸಲ ಹೋಗಿ ಬಂದರೆ ಸಾಕು, ಬೋರ್ಡಿನಿಂದ ಸುದ್ದಿಯೇ ನಿಲ್ಲುತ್ತದೆ. ಬೆಳಗ್ಗೆ ಹುಡುಗರು ಶಟರ್ ಎತ್ತಿದರೂ ಫೋನಿನಲ್ಲಿ ಹಸಿರು ಬಣ್ಣದಲ್ಲಿ "ಮುಚ್ಚಿದೆ" ಅಂತಲೇ ಇರುತ್ತದೆ. ಚಾರ್ಜರ್ ಕಿತ್ತು ಮತ್ತೆ ಚುಚ್ಚಿದರೆ ತಕ್ಷಣ ಸರಿ. ಬೋರ್ಡ್ ಬದಲಿಸಿದ್ದಾಯಿತು, ಚಾರ್ಜರ್ ಬದಲಿಸಿದ್ದಾಯಿತು. ಅದೇ ಕತೆ. ಯಾರಿಗಾದರೂ ಹೀಗಾಗಿದೆಯಾ?

ಕಾಮತ್, ವಾಶಿ

ಪೂಜಾರಿಯವರೇ, ಇದು ರೌಟರಿನ ತೊಂದರೆ. ಕರೆಂಟ್ ಬಂದ ಕೂಡಲೇ ಬೋರ್ಡ್ ಎರಡು ಮೂರು ಸೆಕೆಂಡಿನಲ್ಲಿ ಏಳುತ್ತದೆ. ರೌಟರ್ ಏಳಲು ಒಂದೆರಡು ನಿಮಿಷ ಬೇಕು. ಬೋರ್ಡು ವೈಫೈ ಹುಡುಕುತ್ತದೆ, ಸಿಗದೆ ಕೈ ಬಿಡುತ್ತದೆ. ಬೆಳಗ್ಗೆ ನೀವು ಕಿತ್ತು ಚುಚ್ಚುವಾಗ ರೌಟರ್ ಎದ್ದಿರುತ್ತದೆ, ಅದಕ್ಕೇ ಸಿಗುತ್ತದೆ. ಕೋಡಿನಲ್ಲಿ ವೈಫೈಗೆ ಮತ್ತೆ ಮತ್ತೆ ಪ್ರಯತ್ನ ಮಾಡುವಂತೆ ಬರೆಯಿರಿ.

ಇನ್ನೊಂದು ಮಾತು. ನಮ್ಮ ಕಡೆಯ ಗಾಳಿಯಲ್ಲಿ ಉಪ್ಪು ಜಾಸ್ತಿ. ರೀಡ್ ಸ್ವಿಚ್ ಒಳಗೆ ತುಕ್ಕು ಹಿಡಿದಿರಲೂಬಹುದು. ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಶ್ಯಾಮಲಾ, ಠಾಣೆ

ಕಾಮತ್ ಅವರು ಹೇಳಿದ್ದು ಆಗುವಂಥದ್ದೇ, ನಾನೂ ನೋಡಿದ್ದೇನೆ. ಆದರೆ ಇಲ್ಲಿ ಅದೇ ಕಾರಣ ಎನ್ನುವ ಮೊದಲು ಎರಡು ವಿಷಯ ಗೊತ್ತಾಗಬೇಕು.

ಪೂಜಾರಿಯವರೇ, ನಿಮ್ಮ ರೌಟರ್ ಕರೆಂಟ್ ಹೋದಾಗ ಆರುತ್ತದೆಯಾ? ಇನ್ನೊಂದು, ಶಟರ್ ಮುಚ್ಚಿರುವಾಗಲೇ ಚಾರ್ಜರ್ ಕಿತ್ತು ಚುಚ್ಚಿ ನೋಡಿದ್ದೀರಾ? ನೀವು ಹೇಳಿದ್ದು ಪೂರ್ತಿ ಬೆಳಗಿನ ಮಾತು. ಬೆಳಗ್ಗೆ ಶಟರ್ ಮೇಲಿರುತ್ತದೆ, ಅಲ್ವಾ?

ತುಕ್ಕಿನ ಬಗ್ಗೆ ಒಂದು ಮಾತು. ರೀಡ್ ಸ್ವಿಚ್ಚಿನ ಎರಡು ನಾಲಿಗೆಗಳು ಗಾಜಿನ ಕೊಳವೆಯೊಳಗೆ ಗಾಳಿಯಾಡದಂತೆ ಮುಚ್ಚಿರುತ್ತವೆ. ಅಲ್ಲಿಗೆ ಉಪ್ಪು ಹೋಗುವುದಿಲ್ಲ. ಹಾಳಾಗುವುದು ಹೊರಗೆ ವೈರ್ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಅದನ್ನು ಬೆಸುಗೆ ಹಾಕಿ, ಹೀಟ್ ಶ್ರಿಂಕ್ ತೊಡಿಸಿದರೆ ವರ್ಷಕ್ಕೊಮ್ಮೆ ಸ್ವಿಚ್ ಬದಲಿಸುವ ಅಗತ್ಯ ಇರುವುದಿಲ್ಲ. ಅದೂ ಅಲ್ಲದೆ, ಜಾಯಿಂಟ್ ಹಾಳಾದರೆ ಇವರಿಗೆ "ತೆರೆದಿದೆ" ಎಂದು ಬರಬೇಕಿತ್ತು. ಬರುತ್ತಿರುವುದು ಮೌನ.

ಹಿರೇಮಠ, ಪುಣೆ

ನಂದೂ ಇಂಥದ್ದೇ ತೊಂದರೆ, ಅದಕ್ಕೆ ಇಲ್ಲೇ ಬರೀತೀನಿ. ಕೋಥ್ರೂಡ್‌ನಲ್ಲಿ ಮನೆ, ಗ್ಯಾರೇಜಿಗೆ ಮೋಟರ್ ಬಾಗಿಲು. ಬೋರ್ಡು ಇಎಸ್‌ಪಿ32. ಬಾಗಿಲು ಮುಚ್ಚಿದ್ದಾಗ ಎಲ್ಲ ಶಾಂತ. ಬಾಗಿಲು ಪೂರ್ತಿ ತೆರೆದಿಟ್ಟರೆ ಸುಮ್ನೆ ಇರುವುದಿಲ್ಲ. "ಮುಚ್ಚಿತು, ತೆರೆಯಿತು, ಮುಚ್ಚಿತು" ಅಂತ ಫೋನಿಗೆ ಸಂದೇಶ ಬರ್ತಾನೇ ಇರುತ್ತವೆ. ನೀರಿನ ಪಂಪ್ ಶುರುವಾದರೆ ಇನ್ನೂ ಜಾಸ್ತಿ. ರೀಡ್ ಸ್ವಿಚ್ ಎರಡು ಸಲ ಬದಲಿಸಿದೆ. ವೈರ್ `35`ನೇ ಪಿನ್ನಿಗೆ ಹಾಕಿದ್ದೇನೆ, ಕೋಡಿನಲ್ಲಿ `INPUT_PULLUP` ಕೊಟ್ಟಿದ್ದೇನೆ.

ಪೂಜಾರಿ, ಡೊಂಬಿವಲಿ

ಶ್ಯಾಮಲಾ ಮೇಡಂ, ರೌಟರ್ ಇನ್ವರ್ಟರ್ ಮೇಲಿದೆ. ಸಿಸಿಟಿವಿಗಾಗಿ ಹಾಗೆ ಮಾಡಿಸಿದ್ದು. ಅದು ಆರುವುದೇ ಇಲ್ಲ. ಬೋರ್ಡಿನ ಪ್ಲಗ್ ಮಾತ್ರ ಇನ್ವರ್ಟರಿನ ಹೊರಗೆ.

ನೀವು ಕೇಳಿದ ಪರೀಕ್ಷೆ ನಿನ್ನೆ ರಾತ್ರಿ ಮಾಡಿದೆ. ಹಿಂದಿನ ಸಣ್ಣ ಬಾಗಿಲಿನಿಂದ ಒಳಗೆ ಹೋದೆ. ಶಟರ್ ಕೆಳಗಿತ್ತು. ಚಾರ್ಜರ್ ಕಿತ್ತು ಚುಚ್ಚಿದೆ. ಏಳಲಿಲ್ಲ! ಎಷ್ಟು ಸಲ ಚುಚ್ಚಿದರೂ ಇಲ್ಲ. ಶಟರ್ ಒಂದಡಿ ಎತ್ತಿಸಿ ಚುಚ್ಚಿದೆ, ಕೂಡಲೇ ಎದ್ದಿತು. ಶಟರಿಗೂ ಬೋರ್ಡ್ ಏಳುವುದಕ್ಕೂ ಏನು ಸಂಬಂಧ ಮಾರಾಯ್ರೆ?

ಶ್ಯಾಮಲಾ, ಠಾಣೆ

ಸಂಬಂಧ ಇರುವುದು `D3`ಯಲ್ಲಿ.

ನೋಡ್‌ಎಂಸಿಯು ಮೇಲೆ `D3` ಎಂದು ಬರೆದಿರುವ ಪಿನ್, ಚಿಪ್ಪಿನ ಲೆಕ್ಕದಲ್ಲಿ `GPIO0`. ಕರೆಂಟ್ ಬಂದ ಕ್ಷಣದಲ್ಲಿ ಇಎಸ್‌ಪಿ8266 ಚಿಪ್ಪು ಈ ಪಿನ್ನನ್ನು ಒಮ್ಮೆ ನೋಡುತ್ತದೆ. ಅದು ಮೇಲಿದ್ದರೆ, ಅಂದರೆ 3.3 ವೋಲ್ಟಿನ ಹತ್ತಿರ ಇದ್ದರೆ, ನಿಮ್ಮ ಪ್ರೋಗ್ರಾಂ ಓಡಿಸುತ್ತದೆ. ನೆಲಕ್ಕೆ ಸೇರಿದ್ದರೆ "ಹೊಸ ಪ್ರೋಗ್ರಾಂ ತುಂಬಲು ಯಾರೋ ಬಂದಿದ್ದಾರೆ" ಎಂದುಕೊಂಡು ಸೀರಿಯಲ್ ಪೋರ್ಟಿನ ಕಡೆ ನೋಡುತ್ತಾ ಕೂರುತ್ತದೆ. ವೈಫೈ ಇಲ್ಲ, ಸುದ್ದಿ ಇಲ್ಲ. ನಿಮ್ಮ ಶಟರ್ ಕೆಳಗಿದ್ದಾಗ ರೀಡ್ ಸ್ವಿಚ್ ಕೂಡಿರುತ್ತದೆ, `D3` ನೆಲಕ್ಕೆ ಸೇರಿರುತ್ತದೆ. ಆ ಹೊತ್ತಿಗೆ ಕರೆಂಟ್ ಹೋಗಿ ಬಂದರೆ ಬೋರ್ಡು ಅಲ್ಲೇ ನಿಂತಿತು.

ಬೆಳಗ್ಗೆ ಶಟರ್ ಎತ್ತಿದ ಮಾತ್ರಕ್ಕೆ ಸರಿಯಾಗದಿರಲು ಕಾರಣವೂ ಇದೇ. ಚಿಪ್ಪು ಪಿನ್ ನೋಡಿ ನಿರ್ಧರಿಸುವುದು ಏಳುವ ಆ ಒಂದು ಕ್ಷಣದಲ್ಲಿ ಮಾತ್ರ. ಆಮೇಲೆ ಪಿನ್ ಮೇಲೆ ಹೋದರೂ ಅದು ತನ್ನ ನಿರ್ಧಾರ ಬದಲಿಸುವುದಿಲ್ಲ. ಮತ್ತೆ ಕರೆಂಟ್ ಕಿತ್ತು ಕೊಡಬೇಕು, ಅಥವಾ ರೀಸೆಟ್ ಒತ್ತಬೇಕು. ಹಗಲಿನಲ್ಲಿ ಬೋರ್ಡ್ ಓಡುತ್ತಿರುವಾಗ ಶಟರ್ ಎಷ್ಟು ಸಲ ಇಳಿದರೂ ಏನೂ ಆಗದು, ಆಗ `D3` ಉಳಿದ ಪಿನ್ನುಗಳ ಹಾಗೆಯೇ ಕೆಲಸ ಮಾಡುತ್ತದೆ. ಅದಕ್ಕೇ ಇದು ಹಿಡಿಯಲು ಕಷ್ಟವಾದ ದೋಷ.

ನನ್ನ ಮಾತು ನಂಬುವ ಮೊದಲು ನೀವೇ ಪರೀಕ್ಷೆ ಮಾಡಿ. ನಿಮ್ಮ ಬೋರ್ಡಿನ ಮೇಲೆ `FLASH` ಎಂಬ ಪುಟ್ಟ ಬಟನ್ ಇರಬೇಕು. ಅದು ಮಾಡುವುದೂ ಇಷ್ಟೇ, `GPIO0` ಅನ್ನು ನೆಲಕ್ಕೆ ಸೇರಿಸುವುದು. ಹಗಲಲ್ಲಿ ಶಟರ್ ಎತ್ತಿರುವಾಗ ಆ ಬಟನ್ ಒತ್ತಿ ಹಿಡಿದು ಚಾರ್ಜರ್ ಚುಚ್ಚಿ. ಚುಚ್ಚಿದ ಮೇಲೆ ಬಟನ್ ಬಿಡಿ. ರಾತ್ರಿ ಆಗುವ ಹಾಗೆಯೇ ಬೋರ್ಡು ಸುಮ್ಮನೆ ಕೂತರೆ ಕಾರಣ ಇದೇ.

ಲ್ಯಾಪ್‌ಟಾಪ್ ಇದ್ದರೆ ಇನ್ನೂ ಖಚಿತ. ಸೀರಿಯಲ್ ಮಾನಿಟರ್ ವೇಗ 74880 ಇಡಿ, ಚಿಪ್ಪು ಏಳುವಾಗ ಹೇಳುವ ಮೊದಲ ಸಾಲು ಆ ವೇಗದಲ್ಲೇ ಓದಲು ಬರುತ್ತದೆ. ಸರಿಯಾಗಿ ಎದ್ದರೆ `boot mode:(3,6)` ಎಂಬಂಥ ಸಾಲು ಬರುತ್ತದೆ. ಕೂತುಬಿಟ್ಟರೆ `boot mode:(1,7)`. ನೋಡಬೇಕಾದ್ದು ಮೊದಲ ಅಂಕಿ. 3 ಇದ್ದರೆ ಪ್ರೋಗ್ರಾಂ ಓಡುತ್ತದೆ, 1 ಇದ್ದರೆ ಕಾಯುತ್ತಾ ಕೂತಿದೆ.

ಕಾಮತ್, ವಾಶಿ

ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಸುಲಭ, ಪಕ್ಕದ `D4`ಗೆ ವೈರ್ ಬದಲಿಸಿಬಿಡಿ ಪೂಜಾರಿಯವರೇ.

ಶ್ಯಾಮಲಾ, ಠಾಣೆ

ಅಯ್ಯೋ, `D4` ಬೇಡ. ಅದು `GPIO2`, ಏಳುವಾಗ ಅದೂ ಮೇಲೆ ಇರಲೇಬೇಕು. ಅಲ್ಲಿಗೆ ಹಾಕಿದರೂ ರಾತ್ರಿ ಇದೇ ಗೋಳು. `D8` ಇನ್ನೂ ಬೇರೆ ತರಹ, ಅದು ಏಳುವಾಗ ಕೆಳಗಿರಬೇಕು. `D0`ಗೆ, ಪಿನ್ನನ್ನು ಮೇಲೆ ಹಿಡಿದಿಡುವ ಒಳಗಿನ ಪುಲ್‌ಅಪ್ ಇಲ್ಲ. ಶಟರಿಗೆ `D1`, `D2`, `D5`, `D6`, `D7` ಇವುಗಳಲ್ಲಿ ಯಾವುದಾದರೂ ಆಗಬಹುದು. ನಾನು `D1` ಬಳಸುತ್ತೇನೆ.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. `D3` ಮೇಲೆ ಬೋರ್ಡಿನಲ್ಲೇ ಒಂದು ಪುಲ್‌ಅಪ್ ರೆಸಿಸ್ಟರ್ ಕೂತಿರುತ್ತದೆ. ಹಾಗಾಗಿ ಅಲ್ಲಿ ಹೊರಗಿನ ರೆಸಿಸ್ಟರ್ ಇಲ್ಲದೆಯೂ ಚೆನ್ನಾಗಿ ಓದುತ್ತಿತ್ತು. ಬಹಳ ಜನ `D3` ಆರಿಸುವುದು ಇದರಿಂದಲೇ ಇರಬೇಕು. `D1`ಗೆ ಬಂದಾಗ ಚಿಪ್ಪಿನ ಒಳಗಿನ ಪುಲ್‌ಅಪ್ ಒಂದೇ ಉಳಿಯುತ್ತದೆ, ಅದು ತೀರಾ ದುರ್ಬಲ. ಏಳು ಮೀಟರ್ ವೈರಿಗೆ ಅದನ್ನು ನಂಬಬೇಡಿ, ಗೋಡೌನಿನಲ್ಲಿ ಫ್ರಿಜ್ ಕಂಪ್ರೆಸರ್, ಗ್ರೈಂಡರ್ ಎಲ್ಲ ಇರುತ್ತವೆ. `D1` ಮತ್ತು `3V3` ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ. `D1` ಮತ್ತು `G` ನಡುವೆ ಬೋರ್ಡಿನ ಪಕ್ಕದಲ್ಲೇ 104 ಎಂದು ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಒಂದು. ವೈರ್ ನೆಟ್‌ವರ್ಕ್ ಕೇಬಲಿನ ಒಂದು ಹೆಣೆದ ಜೋಡಿ ಆದರೆ ಒಳ್ಳೆಯದು. ಲ್ಯಾಮಿಂಗ್ಟನ್ ರೋಡಿನಲ್ಲಿ ಇದಕ್ಕೆಲ್ಲ ಏನೂ ಖರ್ಚಿಲ್ಲ.

ಹಿರೇಮಠ ಅವರೇ, ನಿಮ್ಮದು ಬೇರೆ ರೋಗ, ಆದರೆ ಊರು ಇದೇ. ಇಎಸ್‌ಪಿ32ರಲ್ಲಿ `34`ರಿಂದ `39`ರವರೆಗಿನ ಪಿನ್ನುಗಳಿಗೆ ಒಳಗಿನ ಪುಲ್‌ಅಪ್ ಇಲ್ಲವೇ ಇಲ್ಲ. ಕೋಡಿನಲ್ಲಿ `INPUT_PULLUP` ಬರೆದರೂ `35`ರ ಮೇಲೆ ಏನೂ ಆಗುವುದಿಲ್ಲ. ಬಾಗಿಲು ಮುಚ್ಚಿದಾಗ ಸ್ವಿಚ್ ಪಿನ್ನನ್ನು ನೆಲಕ್ಕೆ ಹಿಡಿದಿರುತ್ತದೆ, ಅದಕ್ಕೇ ಶಾಂತ. ತೆರೆದಾಗ ಪಿನ್ನನ್ನು ಹಿಡಿಯುವವರೇ ಇಲ್ಲ. ಪಂಪ್ ಶುರುವಾದರೆ ಅದರ ಗದ್ದಲವೆಲ್ಲ ವೈರಿಗೆ ಬರುತ್ತದೆ. `35`ರಿಂದ `3V3`ಗೆ 10 ಕಿಲೋ ಓಮ್ ಹಾಕಿ, ಇಲ್ಲವೇ ವೈರನ್ನು `27`ಕ್ಕೆ ಬದಲಿಸಿ. ರೀಡ್ ಸ್ವಿಚ್ಚಿನದು ಏನೂ ತಪ್ಪಿರಲಿಲ್ಲ.

ಪೂಜಾರಿ, ಡೊಂಬಿವಲಿ

`FLASH` ಬಟನ್ ಒತ್ತಿ ಹಿಡಿದು ಚುಚ್ಚಿದೆ. ಥೇಟ್ ರಾತ್ರಿಯ ಹಾಗೆಯೇ ಕೂತಿತು! ಮಗಳ ಲ್ಯಾಪ್‌ಟಾಪ್ ತಂದು 74880ರಲ್ಲೂ ನೋಡಿದೆ. ಶಟರ್ ಮೇಲಿದ್ದಾಗ 3, ಶಟರ್ ಇಳಿಸಿ ರೀಸೆಟ್ ಒತ್ತಿದಾಗ 1.

ವೈರ್ `D1`ಗೆ ಬದಲಿಸಿ ರೆಸಿಸ್ಟರ್ ಹಾಕಿದೆ. ಕೋಡಿನಲ್ಲಿ ಬದಲಾದ್ದು ಇಷ್ಟೇ:

```cpp
const int SHUTTER = D1;
pinMode(SHUTTER, INPUT_PULLUP);
```

ಶಟರ್ ಕೆಳಗಿರುವಾಗಲೇ ಪ್ಲಗ್ ಕಿತ್ತು ಚುಚ್ಚಿ ನೋಡಿದೆ, ಪ್ರತಿ ಸಲವೂ ಎದ್ದಿತು. ಎಷ್ಟು ದಿನದ ತಲೆನೋವು ಹೋಯಿತು ಮೇಡಂ. ತುಂಬಾ ಉಪಕಾರ.

ಶ್ಯಾಮಲಾ, ಠಾಣೆ

ಸಂತೋಷ. ಆದರೆ ನಿಮ್ಮ ಮೊದಲ ಪೋಸ್ಟಿನ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಬೋರ್ಡು ಸತ್ತಿತ್ತು, ಹುಡುಗರು ಶಟರ್ ಎತ್ತಿದ್ದರು, ಫೋನಿನಲ್ಲಿ ಮಾತ್ರ ಹಸಿರು ಬಣ್ಣದ "ಮುಚ್ಚಿದೆ". ನನಗೆ ಪಿನ್ನಿಗಿಂತ ಇದು ದೊಡ್ಡ ದೋಷ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಫೋನ್ ನೋಡಿ, ನೆಮ್ಮದಿಯಾಗಿ ಮಲಗುತ್ತಿದ್ದಿರಿ. ಆ ನೆಮ್ಮದಿಗೆ ಆಧಾರವೇ ಇರಲಿಲ್ಲ.

ನೀವು ಸುದ್ದಿಯನ್ನು ರಿಟೇನ್ ಮಾಡಿ ಕಳಿಸುತ್ತಿದ್ದೀರಿ ಅನಿಸುತ್ತದೆ. ಆಗ ಬ್ರೋಕರ್ ಕೊನೆಯ ಸುದ್ದಿಯನ್ನು ಇಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಬೋರ್ಡು ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಅದಕ್ಕೆ ಎಂಕ್ಯೂಟಿಟಿಯಲ್ಲೇ ಒಂದು ದಾರಿ ಇದೆ. ಬೋರ್ಡು ಸೇರುವಾಗಲೇ "ನಾನು ಹೇಳದೆ ಕೇಳದೆ ಹೋದರೆ ನನ್ನ ಪರವಾಗಿ ಇದನ್ನು ಸಾರು" ಎಂದು ಬ್ರೋಕರ್ ಬಳಿ ಒಂದು ಮಾತು ಬಿಟ್ಟಿರಬಹುದು. ನೀವು ಬಳಸುವುದು ಪಬ್‌ಸಬ್‌ಕ್ಲೈಂಟ್ ಲೈಬ್ರರಿ ಆದರೆ ಹೀಗೆ:

```cpp
client.connect("godown", "godown/online", 1, true, "0");
client.publish("godown/online", "1", true);
client.publish("godown/shutter",
  digitalRead(SHUTTER) ? "open" : "closed", true);
```

ಈ ಲೈಬ್ರರಿಯಲ್ಲಿ ಕೀಪ್‌ಅಲೈವ್ ತಾನಾಗಿಯೇ 15 ಸೆಕೆಂಡ್ ಇರುತ್ತದೆ. ಅದರ ಒಂದೂವರೆ ಪಟ್ಟು ಹೊತ್ತು ಬೋರ್ಡಿನಿಂದ ಏನೂ ಬರದಿದ್ದರೆ ಬ್ರೋಕರ್ `0` ಎಂದು ಸಾರುತ್ತದೆ. ಫೋನಿನ ಪರದೆಯಲ್ಲಿ ಆಗ "ಗೊತ್ತಿಲ್ಲ" ಎಂದು ಬೂದು ಬಣ್ಣ ಬರಲಿ. ಹಸಿರು ಉಳಿಯಲೇಬಾರದು.

ಮೂರನೇ ಸಾಲನ್ನೂ ಬಿಡಬೇಡಿ. ಎಷ್ಟೋ ಕೋಡುಗಳು ಶಟರ್ ಬದಲಾದಾಗ ಮಾತ್ರ ಸುದ್ದಿ ಕಳಿಸುತ್ತವೆ. ಕರೆಂಟ್ ಇಲ್ಲದ ಹತ್ತು ನಿಮಿಷದಲ್ಲಿ ಯಾರೋ ಶಟರ್ ಎತ್ತಿದರು ಎಂದಿಟ್ಟುಕೊಳ್ಳಿ. ಬೋರ್ಡು ಎದ್ದು ನೋಡಿದಾಗ ಅದರ ಮಟ್ಟಿಗೆ ಯಾವ ಬದಲಾವಣೆಯೂ ಇಲ್ಲ, ಹಾಗಾಗಿ ಸುಮ್ಮನಿರುತ್ತದೆ. ಬ್ರೋಕರ್ ಹಳೆಯ "ಮುಚ್ಚಿದೆ" ಹಿಡಿದು ಕೂತಿರುತ್ತದೆ. ಸೇರಿದ ಪ್ರತಿ ಸಲವೂ ಈಗಿನ ಸ್ಥಿತಿಯನ್ನು ಕಳಿಸಲೇಬೇಕು.

ಬ್ರೋಕರ್ ಎಲ್ಲಿದೆ? ಗೋಡೌನಿನಲ್ಲೇ ಇದ್ದರೆ, ಅಲ್ಲಿನ ಇಂಟರ್ನೆಟ್ ಹೋದಾಗ ಇದನ್ನು ನಿಮಗೆ ಹೇಳುವವರೇ ಇರುವುದಿಲ್ಲ.

ಪೂಜಾರಿ, ಡೊಂಬಿವಲಿ

ಬ್ರೋಕರ್ ಮುಲುಂಡ್ ಮನೆಯಲ್ಲಿದೆ, ಸಣ್ಣ ರಾಸ್ಪ್‌ಬೆರಿ ಪೈ ಮೇಲೆ. ಹೌದು, ರಿಟೇನ್ ಹಾಕಿದ್ದೇನೆ. ಇದನ್ನು ಇವತ್ತೇ ಸೇರಿಸುತ್ತೇನೆ.

ರೇಣುಕಾ, ಮಡಗಾಂವ್

ನಮ್ಮ ಅಂಗಡಿಯ ಶಟರಿನದು ಗಾಳಿಯ ತೊಂದರೆ. ಜೂನ್‌ನಿಂದ ಗೋವಾದ ಗಾಳಿ ಕೇಳುವುದೇ ಬೇಡ. ಶಟರ್ ಬೀಗ ಹಾಕಿ ಮುಚ್ಚಿದ್ದರೂ ಗಾಳಿಗೆ ಧಡಧಡ ಅಲುಗುತ್ತದೆ. ಒಂದೊಂದು ರಾತ್ರಿ "ತೆರೆದಿದೆ" ಎಂದು ಸಂದೇಶದ ಮೇಲೆ ಸಂದೇಶ. ಯಜಮಾನರು ಮೊದಮೊದಲು ಓಡಿಹೋಗಿ ನೋಡುತ್ತಿದ್ದರು. ಈಗ ಫೋನ್ ಸೈಲೆಂಟ್ ಮಾಡಿ ಮಲಗುತ್ತಾರೆ. ಕೋಡಿನಲ್ಲಿ 30 ಸೆಕೆಂಡ್ ಕಾಯುವಂತೆ ಹಾಕಿದರೆ ಸಾಕಾಗುತ್ತದೆಯಾ?

ಶ್ಯಾಮಲಾ, ಠಾಣೆ

ರೇಣುಕಾ ಅವರೇ, 30 ಸೆಕೆಂಡ್ ಬೇಡ. ಅಷ್ಟು ಹೊತ್ತಿನಲ್ಲಿ ಒಬ್ಬ ಶಟರ್ ಎತ್ತಿ ಒಳಗೆ ನುಗ್ಗಿ ಮತ್ತೆ ಇಳಿಸಿಬಿಡಬಹುದು, ನಿಮಗೆ ಗೊತ್ತೇ ಆಗುವುದಿಲ್ಲ. ಎರಡು ಸೆಕೆಂಡ್ ಇಡಿ, ಹೆಚ್ಚೆಂದರೆ. ಮೊದಲು ಅಂತರ ಸರಿಪಡಿಸಬೇಕು.

ಪೇಟೆಯಲ್ಲಿ ಸಿಗುವ ಬಿಳಿ ಪ್ಲಾಸ್ಟಿಕ್ ಜೋಡಿಯನ್ನು ಮನೆಯ ಮರದ ಬಾಗಿಲಿಗೆಂದು ಮಾಡಿರುತ್ತಾರೆ. ಎರಡು ಸೆಂಟಿಮೀಟರಿನ ಒಳಗೆ ಮ್ಯಾಗ್ನೆಟ್ ಇದ್ದರೆ ಸ್ವಿಚ್ ಕೂಡಿರುತ್ತದೆ. ಅದೇ ಮ್ಯಾಗ್ನೆಟನ್ನು ಶಟರಿನ ಕಬ್ಬಿಣಕ್ಕೆ ನೇರವಾಗಿ ಅಂಟಿಸಿದರೆ, ಅದರ ಬಲದ ದೊಡ್ಡ ಪಾಲನ್ನು ಕಬ್ಬಿಣವೇ ಎಳೆದುಕೊಳ್ಳುತ್ತದೆ. ಅಂತರ ಅರ್ಧಕ್ಕೂ ಇಳಿಯಬಹುದು. ಗೈಡ್ ಚಾನೆಲಿನಲ್ಲಿ ಶಟರ್ ಹಿಂದೆ ಮುಂದೆ ಆಡುವುದೇ ಒಂದೆರಡು ಸೆಂಟಿಮೀಟರ್. ಗಾಳಿ ತಳ್ಳಿದಾಗ ಮ್ಯಾಗ್ನೆಟ್ ಆ ಗಡಿ ದಾಟುತ್ತದೆ.

ಮ್ಯಾಗ್ನೆಟ್ ಮತ್ತು ಶಟರಿನ ನಡುವೆ 8ರಿಂದ 10 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಅಥವಾ ನೈಲಾನ್ ತುಂಡು ಕೊಡಿ. ಸ್ವಿಚ್ಚಿನ ಕೆಳಗೂ ಅಷ್ಟೇ. ತಿರುಪು ಹಿತ್ತಾಳೆಯದಿರಲಿ, ಗೋವಾದಲ್ಲಿ ಕಬ್ಬಿಣದ್ದು ಹೇಗೂ ಉಳಿಯುವುದಿಲ್ಲ. ಆಮೇಲೆ ವೈರನ್ನು ಬೋರ್ಡಿನಿಂದ ಬಿಡಿಸಿ ಮಲ್ಟಿಮೀಟರಿನ ಬೀಪ್‌ಗೆ ಕೊಡಿ. ಶಟರ್ ಇಳಿಸಿ. ಒಬ್ಬರು ಹೊರಗಿನಿಂದ ಎರಡು ಕೈಯಲ್ಲಿ ಜೋರಾಗಿ ತಳ್ಳಲಿ, ಆಮೇಲೆ ತಮ್ಮ ಕಡೆಗೆ ಎಳೆಯಲಿ. ಎರಡು ಕೊನೆಗಳಲ್ಲೂ ಬೀಪ್ ನಿಲ್ಲಬಾರದು. ನಂತರ ನಿಧಾನವಾಗಿ ಮೇಲೆತ್ತಿ, ಎಷ್ಟು ಎತ್ತಿದಾಗ ಬೀಪ್ ನಿಲ್ಲುತ್ತದೆ ಎಂದು ಅಳೆಯಿರಿ. ಕೈ ತೂರುವಷ್ಟು ಎತ್ತುವ ಮೊದಲೇ ನಿಲ್ಲಬೇಕು.

ಶಟರ್ ಹಳೆಯದು, ಆಟ ಬಹಳ ಜಾಸ್ತಿ ಎಂದಾದರೆ ಈ ಪ್ಲಾಸ್ಟಿಕ್ ಜೋಡಿಯನ್ನು ಬಿಡಿ. ರೋಲಿಂಗ್ ಶಟರಿಗೆಂದೇ ಅಲ್ಯೂಮಿನಿಯಂ ಮೈಯ ದೊಡ್ಡ ಜೋಡಿ ಸಿಗುತ್ತದೆ. ವೈರಿಗೆ ಸ್ಟೀಲಿನ ಸುತ್ತು ಇರುತ್ತದೆ, ಅಂತರವೂ ಹೆಚ್ಚು ತಡೆಯುತ್ತದೆ.

ರೇಣುಕಾ, ಮಡಗಾಂವ್

ಅಂಗಡಿಯವನು ಆ ದೊಡ್ಡದನ್ನು ನೆಲಕ್ಕೆ ಕೂರಿಸಬೇಕು ಎನ್ನುತ್ತಾನೆ. ನಾವು ದಿನಾ ನೆಲ ತೊಳೆಯುತ್ತೇವೆ, ಹೊಸ್ತಿಲಲ್ಲಿ ಕೈಗಾಡಿ ಓಡಾಡುತ್ತದೆ. ನೆಲದ ಮೇಲೆ ಅದು ಉಳಿಯುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಶ್ಯಾಮಲಾ, ಠಾಣೆ

ನನಗೂ ನೆಲ ಇಷ್ಟವಿಲ್ಲ. ಒಳಗಡೆ, ಗೈಡ್ ಚಾನೆಲಿನ ಪಕ್ಕದ ಗೋಡೆಗೆ ಒಂದು ಎಲ್ ಕ್ಲಾಂಪ್ ಹಾಕಿ, ನೆಲದಿಂದ ಒಂದು ಗೇಣು ಮೇಲೆ. ಮ್ಯಾಗ್ನೆಟ್ ಕೆಳಪಟ್ಟಿಯ ಅದೇ ತುದಿಯಲ್ಲಿ, ಒಂದು ಗೇಣು ಎತ್ತರದ ಪಟ್ಟಿಯ ಮೇಲೆ ಎದ್ದು ನಿಲ್ಲಲಿ. ಆದರೆ ಶಟರ್ ಮೇಲೆ ಸುತ್ತುವಾಗ ಆ ಪಟ್ಟಿ ಡ್ರಮ್ಮಿಗೆ ತಾಗದಂತೆ ನೋಡಿಕೊಳ್ಳಬೇಕು. ನಿಮ್ಮ ಶಟರ್ ಪೂರ್ತಿ ಎತ್ತಿದಾಗ ಕೆಳಪಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲು ನೋಡಿ.

ಭಟ್, ಮಾಟುಂಗಾ

ಎಲ್ಲ ಓದಿದೆ. ನಮ್ಮದು ಹೋಟೆಲ್. ನನ್ನ ಪ್ರಶ್ನೆ ಇನ್ನೂ ಸರಳ. ಶಟರ್ ಕೆಳಗಿದೆ, ಬೀಗ ಹಾಕಿಲ್ಲ. ಆಗ ನಿಮ್ಮ ಸೆನ್ಸರ್ ಏನು ಹೇಳುತ್ತದೆ? ನಮ್ಮಲ್ಲಿ ಆಗುವುದು ಇದೇ. ಹುಡುಗರು ಶಟರ್ ಎಳೆಯುವುದನ್ನು ಮರೆಯುವುದಿಲ್ಲ, ಬೀಗ ಮರೆಯುತ್ತಾರೆ.

ಶ್ಯಾಮಲಾ, ಠಾಣೆ

"ಮುಚ್ಚಿದೆ" ಎಂದೇ ಹೇಳುತ್ತದೆ ಭಟ್ಟರೇ. ಮ್ಯಾಗ್ನೆಟಿಗೆ ಬೀಗದ ವಿಷಯ ಗೊತ್ತಿಲ್ಲ. ನಿಮ್ಮದು ಮಧ್ಯದ ಲಾಕಾ, ಪಕ್ಕದ ಬೀಗವಾ?

ಭಟ್, ಮಾಟುಂಗಾ

ಮಧ್ಯದ್ದು. ಕೀ ತಿರುಗಿಸಿದರೆ ಎರಡೂ ಕಡೆ ಸರಳು ಹೊರಟು ಗೈಡಿನ ತೂತಿಗೆ ಹೋಗುತ್ತದೆ.

ಪೂಜಾರಿ, ಡೊಂಬಿವಲಿ

ಹಾಗಾದರೆ ಮ್ಯಾಗ್ನೆಟನ್ನು ಶಟರಿಗೆ ಹಾಕುವ ಬದಲು ಆ ಸರಳಿನ ತುದಿಗೇ ಹಾಕಿದರೆ? ಶಟರ್ ಕೆಳಗೆ ಬಂದು ಸರಳೂ ಹೊರಗೆ ಬಂದರೆ ಮಾತ್ರ ಸ್ವಿಚ್ ಕೂಡಬೇಕು. ಒಂದೇ ಸ್ವಿಚ್ಚಿನಲ್ಲಿ ಎರಡೂ ಆಯಿತಲ್ಲ.

ಶ್ಯಾಮಲಾ, ಠಾಣೆ

ಯೋಚನೆ ಚೆನ್ನಾಗಿದೆ, ಆದರೆ ಎರಡು ಅನುಮಾನ. ಸರಳು ಕಬ್ಬಿಣದ್ದು, ಗೈಡೂ ಕಬ್ಬಿಣದ್ದು. ಆ ತೂತಿನೊಳಗೆ ಮ್ಯಾಗ್ನೆಟಿನ ಬಲ ಹೊರಗೆ ಎಷ್ಟು ಉಳಿಯುತ್ತದೆ ಎಂಬುದು ಹಾಕಿ ಅಳೆದರೆ ಮಾತ್ರ ತಿಳಿಯುವ ವಿಷಯ. ಎರಡನೆಯದು, ಬೀಗ ಹಾಕಿಲ್ಲ ಎಂಬುದೂ ಶಟರ್ ತೆರೆದಿದೆ ಎಂಬುದೂ ಒಂದೇ ಸಂದೇಶವಾಗುತ್ತದೆ. ರಾತ್ರಿ ಆ ಸಂದೇಶ ಬಂದರೆ ಓಡಬೇಕಾ, ಹುಡುಗನಿಗೆ ಫೋನ್ ಮಾಡಿದರೆ ಸಾಕಾ? ನಾನಾದರೆ ಶಟರಿಗೆ ಒಂದು, ಸರಳಿಗೆ ಒಂದು, ಎರಡು ಪಿನ್ನಿನಲ್ಲಿ ಬೇರೆ ಬೇರೆ ಓದುತ್ತೇನೆ.

ಕಾಮತ್, ವಾಶಿ

ಸರಳಿಗೆ ಮ್ಯಾಗ್ನೆಟ್ ಯಾಕೆ? ಗೈಡಿನ ಹಿಂದೆ ಒಂದು ಲಿಮಿಟ್ ಸ್ವಿಚ್ ಇಡಿ. ಸರಳು ಹೊರಗೆ ಬಂದು ಅದರ ಲಿವರನ್ನು ಒತ್ತಲಿ.

ಶ್ಯಾಮಲಾ, ಠಾಣೆ

ಅದೂ ಆಗುತ್ತದೆ, ಜಾಗ ಇದ್ದರೆ. ಭಟ್ಟರೇ, ಸರಳು ಗೈಡಿನ ಆಚೆ ಎಷ್ಟು ಹೊರಗೆ ಬರುತ್ತದೆ? ಆಚೆ ನೇರವಾಗಿ ಗೋಡೆಯೇ ಇದೆಯಾ, ಬೆರಳು ಹಿಡಿಯುವಷ್ಟು ಸಂದು ಇದೆಯಾ? ಅದನ್ನು ನೋಡದೆ ಯಾವುದು ಸರಿ ಎಂದು ಹೇಳಲಾರೆ.

ಭಟ್, ಮಾಟುಂಗಾ

ಇವತ್ತು ರಾತ್ರಿ ಮುಚ್ಚುವಾಗ ಸ್ಕೇಲ್ ಹಿಡಿದು ನೋಡಿ ಬರೆಯುತ್ತೇನೆ. ಒಂದು ಕಡೆ ಗೋಡೆ ಇದೆ, ಇನ್ನೊಂದು ಕಡೆ ಪಕ್ಕದ ಅಂಗಡಿಯವರ ಕಂಬ.

ಹಿರೇಮಠ, ಪುಣೆ

`27`ಕ್ಕೆ ಬದಲಿಸಿದೆ ಮೇಡಂ. ಪಂಪ್ ಹಾಕಿ ಕೂತು ನೋಡಿದೆ, ಒಂದೂ ಸುಳ್ಳು ಸಂದೇಶ ಇಲ್ಲ. ಮಳೆ ಜೋರಾದಾಗ ಹೇಗಿರುತ್ತೆ ನೋಡಿ ಮತ್ತೆ ಬರೀತೀನಿ, ವೈರ್ ಕಾಂಪೌಂಡಿನ ಮೇಲೆ ಹೋಗಿದೆ.